ಮುಗಿದ ಕೆಲಸವನ್ನು ಮತ್ತೆ ಮತ್ತೆ ಕೆದಕುವ ಮ್ಯಾನೇಜರೇ, ಆ ತಪ್ಪು ನಮ್ಮದಲ್ಲ

ಸಂಜೆ ಆರೂವರೆ. ನಮ್ಮ ಎಂಟೂ ಜನರ ಕೆಲಸ ಐದೂವರೆಗೇ ಮುಗಿದಿದೆ. ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದೇವೆ, ಎದ್ದು ಹೋಗುವಂತಿಲ್ಲ. ಗಾಜಿನ ಕೋಣೆಯೊಳಗೆ ಮ್ಯಾನೇಜರ್ ಸಾಹೇಬರು ನಾವು ಟೈಪ್ ಮಾಡಿದ ಒಂದೊಂದೇ ಅರ್ಜಿಯನ್ನು ಮತ್ತೆ ನೋಡುತ್ತಿದ್ದಾರೆ. "ನಾನ್ ನೋಡಿ ಮುಗಿಸೋವರ್ಗೂ ಯಾರೂ ಏಳಂಗಿಲ್ಲ" ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದರು. ನಮ್ಮಲ್ಲಿ ಇಬ್ಬರು ಹುಡುಗಿಯರ ಊರಿಗೆ ಕೊನೆಯ ಬಸ್ಸು ಏಳೂಕಾಲಿಗೆ. ಅದು ತಪ್ಪಿದರೆ ಅಪ್ಪನೋ ಅಣ್ಣನೋ ಬೈಕ್ ತೆಗೆದುಕೊಂಡು ಹದಿನೆಂಟು ಕಿಲೋಮೀಟರ್ ಬರಬೇಕು. ವಾರಕ್ಕೆ ಎರಡು ಮೂರು ಸಲ ತಪ್ಪುತ್ತಿತ್ತು.

ನಾವು ಪತ್ರಿಕೋದ್ಯಮ ಓದಿದವರು. ಓದು ಮುಗಿದ ಮೇಲೆ ಎಲ್ಲರಿಗೂ ಪತ್ರಿಕೆಯಲ್ಲಿ ಕೆಲಸ ಸಿಗುವುದಿಲ್ಲ ಅನ್ನುವುದು ನಿಮಗೂ ಗೊತ್ತು. ನಮ್ಮಲ್ಲಿ ಮೂವರು ತಾಲ್ಲೂಕು ಕೇಂದ್ರದ ಒಂದು ಡೇಟಾ ಎಂಟ್ರಿ ಸೆಂಟರಿನಲ್ಲಿ ಹದಿನಾಲ್ಕು ತಿಂಗಳು ದುಡಿದೆವು. ರೈತರು ತುಂಬಿಕೊಟ್ಟ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಹೆಸರು, ತಂದೆಯ ಹೆಸರು, ಊರು, ಸರ್ವೆ ನಂಬರು, ಎಕರೆ ಗುಂಟೆ, ಮೊಬೈಲು, ಬ್ಯಾಂಕ್ ಖಾತೆ. ಕೆಲಸ ಕೊಟ್ಟ ಕಂಪನಿ ಬೆಂಗಳೂರಿನದು, ಸೆಂಟರು ನಮ್ಮೂರ ಕಡೆಯದು. ಯಾರ ಹೆಸರೂ ಬರೆಯುವುದಿಲ್ಲ. ಇಂಥ ಮ್ಯಾನೇಜರ್ ಒಂದೇ ಕಡೆ ಇರುವವರಲ್ಲ. ಸೊಸೈಟಿಯಲ್ಲಿ, ಗಾರ್ಮೆಂಟ್ಸಿನಲ್ಲಿ, ಫೈನಾನ್ಸ್ ಕಂಪನಿಯ ಬ್ರಾಂಚಿನಲ್ಲಿ, ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುವ ನೀವೂ ಓದುತ್ತಾ ಓದುತ್ತಾ ಯಾರದೋ ಮುಖ ನೆನೆಯುತ್ತಿರಬಹುದು.

ಈ ವಿಷಯ ಮನೆಯಲ್ಲಿ ಹೇಳಿದರೆ ಬರುವ ಉತ್ತರ ಒಂದೇ. "ನೋಡಿದ್ರೆ ನಿಂಗೇನ್ ಕಷ್ಟ? ತಪ್ಪು ಮಾಡ್ದೆ ಇದ್ರೆ ಯಾಕ್ ಹೆದರ್ಬೇಕು?" ದೊಡ್ಡವರ ಈ ಮಾತಿಗೆ ನಮ್ಮ ಹತ್ತಿರ ಬಹಳ ದಿನ ಉತ್ತರ ಇರಲಿಲ್ಲ. ಈಗ ಇದೆ. ಮುಗಿದ ಕೆಲಸವನ್ನೆಲ್ಲ ಮತ್ತೆ ನೋಡುವುದು ಎಚ್ಚರಿಕೆ ಅಲ್ಲ. ಅದರಿಂದ ತಪ್ಪು ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತದೆ. ನಮ್ಮ ಸೆಂಟರಿನಲ್ಲಿ ಅದು ಹೇಗೆ ಹೆಚ್ಚಾಯಿತು ಅನ್ನುವುದನ್ನು ಲೆಕ್ಕದ ಸಮೇತ ಹೇಳುತ್ತೇವೆ.

ಮೊದಲು ಸಮಯದ ಲೆಕ್ಕ. ಒಬ್ಬೊಬ್ಬರು ದಿನಕ್ಕೆ 60 ಅರ್ಜಿ, ಎಂಟು ಜನರಿಂದ 480. ಒಂದು ಅರ್ಜಿಯನ್ನು ನಿಜವಾಗಿಯೂ ನೋಡಬೇಕಾದರೆ, ಅಂದರೆ ಕಾಗದದಲ್ಲಿ ಏನಿದೆ, ಪರದೆಯಲ್ಲಿ ಏನಿದೆ ಅಂತ ಅಂಕಿಗೆ ಅಂಕಿ ಹೋಲಿಸಬೇಕಾದರೆ, ಎರಡು ನಿಮಿಷವಾದರೂ ಬೇಕು. 480 ಅರ್ಜಿಗೆ 960 ನಿಮಿಷ. ಹದಿನಾರು ಗಂಟೆ! ಊಟ, ಫೋನು, ಮೂತ್ರಕ್ಕೆ ಎದ್ದು ಹೋಗುವುದು ಯಾವುದನ್ನೂ ಇದರಲ್ಲಿ ಸೇರಿಸಿಲ್ಲ. ಹಾಗಾದರೆ ಸಾಹೇಬರು ದಿನಾ ಏನು ಮಾಡುತ್ತಿದ್ದರು? ಬೆಳಿಗ್ಗೆಯ ನೂರು ಅರ್ಜಿಯನ್ನು ಕೂದಲು ಸೀಳುವಂತೆ ನೋಡುತ್ತಿದ್ದರು. ಮಧ್ಯಾಹ್ನದ ಮೇಲೆ ಕಣ್ಣು ಸೋಲುತ್ತಿತ್ತು. ಸಂಜೆಯ ಅರ್ಜಿಗಳು ಮೌಸಿನ ಚಕ್ರ ತಿರುಗಿದಂತೆ ಮೇಲಕ್ಕೆ ಹೋಗುತ್ತಿದ್ದವು. ಆದರೂ ಎಲ್ಲದರ ಮೇಲೂ "ಚೆಕ್ ಆಗಿದೆ" ಅನ್ನುವ ಮುದ್ರೆ ಒಂದೇ.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಮೊದಲ ಎರಡು ತಿಂಗಳು ನಾವು ಪ್ರತಿ ಅರ್ಜಿ ಮುಗಿದ ಮೇಲೆ ಒಮ್ಮೆ ಮೇಲಿನಿಂದ ಕೆಳಗೆ ಓದಿಕೊಳ್ಳುತ್ತಿದ್ದೆವು. ಮೂರನೇ ತಿಂಗಳಿಗೆ ಬಿಟ್ಟೆವು. ಯಾರೂ ಬಿಡಿ ಅಂತ ಹೇಳಲಿಲ್ಲ, ತಾನಾಗಿ ಬಿಟ್ಟುಹೋಯಿತು. "ಹೆಂಗಿದ್ರೂ ಅವ್ರು ನೋಡ್ತಾರಲ್ಲ" ಅನ್ನುವ ಮಾತು ನಮ್ಮ ನಡುವೆ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅತ್ತ ಸಾಹೇಬರೂ ಸಂಜೆ ಹೊತ್ತಿಗೆ "ಇವ್ರು ನೋಡ್ಕೊಂಡೇ ಕಳ್ಸಿರ್ತಾರೆ" ಅಂದುಕೊಂಡೇ ಮೌಸಿನ ಚಕ್ರ ತಿರುಗಿಸುತ್ತಿದ್ದಿರಬೇಕು. ಒಬ್ಬರನ್ನು ನಂಬಿ ಇನ್ನೊಬ್ಬರು, ಇನ್ನೊಬ್ಬರನ್ನು ನಂಬಿ ಮತ್ತೊಬ್ಬರು. ಕೊನೆಗೆ ಯಾರೂ ನೋಡದ ಅರ್ಜಿ ಬೆಂಗಳೂರಿಗೆ ಹೋಗುತ್ತಿತ್ತು.

ಇದು ನಾವು ಕಂಡುಹಿಡಿದ ಸತ್ಯವೇನಲ್ಲ. ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅಂತ ಅಮೆರಿಕದ ಒಬ್ಬ ಸಂಖ್ಯಾಶಾಸ್ತ್ರಜ್ಞರಿದ್ದರು. 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಯವರಿಗೆ ಗುಣಮಟ್ಟದ ಪಾಠ ಹೇಳಿದವರು. ಮ್ಯಾನೇಜರುಗಳಿಗೆಂದೇ ಅವರು ಬರೆದ ಹದಿನಾಲ್ಕು ಅಂಶಗಳಲ್ಲಿ ಮೂರನೆಯದು ಇದೇ ವಿಷಯ: ಕೊನೆಯಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿ ಗುಣಮಟ್ಟ ತರುತ್ತೇನೆ ಅನ್ನುವುದನ್ನು ಬಿಡಿ, ಕೆಲಸ ನಡೆಯುವ ಜಾಗದಲ್ಲೇ ಸರಿ ಮಾಡಿ. ಒಂದೇ ವಸ್ತುವನ್ನು ಇಬ್ಬರು ಒಬ್ಬರಾದ ಮೇಲೊಬ್ಬರು ನೋಡಿದರೆ ಜವಾಬ್ದಾರಿ ಹಂಚಿಹೋಗುತ್ತದೆ, ಯಾರೂ ಸರಿಯಾಗಿ ನೋಡುವುದಿಲ್ಲ ಅಂತಲೂ ಎಚ್ಚರಿಸಿದ್ದರು. ಅವರು ಹೇಳಿದ್ದು ಕಾರ್ಖಾನೆಗಳಿಗೆ. ನಮ್ಮ ಗಾಜಿನ ಕೋಣೆಗೂ ಸರಿಯಾಗಿಯೇ ಹೊಂದುತ್ತದೆ.

ಈಗ ಅಸಲು ಕತೆಗೆ ಬರುತ್ತೇವೆ. ನಮ್ಮ ಸಾಫ್ಟ್‌ವೇರಿನಿಂದ ದಿನದ ಕೊನೆಗೆ ಒಂದು `.csv` ಫೈಲು ಹೊರಬರುತ್ತಿತ್ತು. ಅದನ್ನು ಹಾಗೇ ಕಂಪನಿಗೆ ಕಳಿಸಬೇಕು. ಇದು ಬರೀ ಅಕ್ಷರ ಅಂಕಿಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆದಿಟ್ಟ ಫೈಲು. ಅದರಲ್ಲಿ ಇದು ತಾರೀಕು, ಇದು ಖಾತೆ ನಂಬರು ಅನ್ನುವ ಗುರುತೇನೂ ಇರುವುದಿಲ್ಲ. ಅದನ್ನು ಎಕ್ಸೆಲ್‌ನಲ್ಲಿ ಎರಡು ಸಲ ಒತ್ತಿ ತೆರೆದರೆ ಎಕ್ಸೆಲ್ ತಾನೇ ಊಹೆ ಮಾಡುತ್ತದೆ. ನಮ್ಮ ಸೆಂಟರಿನ ಎಕ್ಸೆಲ್ ಊಹೆ ತಪ್ಪಿದಾಗ ಕೇಳುತ್ತಿರಲಿಲ್ಲ, ಬದಲಾಯಿಸಿಬಿಡುತ್ತಿತ್ತು.

ಒಂದು ಶುಕ್ರವಾರ ಸಂಜೆ ಫೈಲು ಸಿದ್ಧವಾಗಿತ್ತು. ಸಾಹೇಬರು "ಇನ್ನೊಂದ್ಸಲ ನೋಡ್ತೀನಿ" ಅಂದರು. ಎಕ್ಸೆಲ್‌ನಲ್ಲಿ ತೆರೆದರು. ಒಂದು ಊರಿನ ಹೆಸರಿನ ಸ್ಪೆಲ್ಲಿಂಗು ಇಷ್ಟವಾಗಲಿಲ್ಲ, ತಿದ್ದಿದರು. ಖಾತೆ ನಂಬರಿನ ಕಾಲಮ್ಮಿನಲ್ಲಿ `1.23457E+15` ಅನ್ನುವ ಥರದ ಬರಹ ಕಾಣಿಸಿತು. "ಏನ್ರೀ ಇದು, ಕಣ್ಮುಚ್ಕೊಂಡ್ ಟೈಪ್ ಮಾಡಿದೀರಾ?" ಅಂತ ಬೈದು, ಆ ಕಾಲಮ್ಮನ್ನು ನಂಬರ್ ಮಾದರಿಗೆ ಬದಲಾಯಿಸಿದರು. ಅಂಕಿಗಳೆಲ್ಲ ಕಾಣಿಸಿಕೊಂಡವು. ಸಮಾಧಾನವಾಯಿತು. ಸೇವ್ ಮಾಡಿ ಕಳಿಸಿದರು.

ಮಂಗಳವಾರ ಬೆಂಗಳೂರಿನಿಂದ ಫೋನು ಬಂತು. 71 ಖಾತೆ ನಂಬರು ತಪ್ಪು. 38 ಸರ್ವೆ ನಂಬರಿನ ಜಾಗದಲ್ಲಿ ತಾರೀಕು ಇದೆ. ಒಂದೊಂದು ತಪ್ಪಿಗೂ ಸೆಂಟರಿನ ಬಿಲ್ಲಿನಲ್ಲಿ ದುಡ್ಡು ಕಡಿತ. ಆ 71ರಲ್ಲಿ 58 ಅರ್ಜಿ ನಮ್ಮಲ್ಲಿ ಒಬ್ಬಳದೇ ಆಗಿದ್ದವು. ಸಾಹೇಬರು ಅವಳ ಹೆಸರು ಹಾಕಿ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಮೂರು ದಿನದ ಸಂಬಳ ತಡೆಹಿಡಿದಿದ್ದೇನೆ, ಸೋಮವಾರದಿಂದ ಬರುವುದು ಬೇಡ ಅಂತ. ಅವಳ ಸಂಬಳದಲ್ಲೇ ತಮ್ಮನ ಐಟಿಐ ಫೀಸು ನಡೆಯುತ್ತಿತ್ತು. ಅವಳು ಅಳಲಿಲ್ಲ. ಕಂಪ್ಯೂಟರ್ ಆಫ್ ಮಾಡಿ ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು.

ಅವತ್ತು ರಾತ್ರಿ ಕಂಪನಿ ಕಳಿಸಿದ ತಪ್ಪುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತೆವು. ಪತ್ರಿಕೋದ್ಯಮದ ಪಾಠದಲ್ಲಿ ಒಂದು ಒಳ್ಳೆಯ ಅಭ್ಯಾಸ ಕಲಿಸಿದ್ದರು: ಒಂದೇ ಥರದ ಸುದ್ದಿ ಪದೇ ಪದೇ ಬಂದರೆ ಅದರ ಹಿಂದೆ ಕಾರಣ ಒಂದೇ ಇರಬಹುದು, ಹುಡುಕಿ ಅಂತ. ಪಟ್ಟಿ ನೋಡಿದ ಹತ್ತೇ ನಿಮಿಷಕ್ಕೆ ಸುಳಿವು ಸಿಕ್ಕಿತು. ತಪ್ಪಾದ 71 ಖಾತೆಗಳೂ 16 ಅಂಕಿಯವು. ಎಪ್ಪತ್ತೊಂದೂ ಸೊನ್ನೆಯಲ್ಲಿ ಕೊನೆಯಾಗಿದ್ದವು. 11 ಅಂಕಿಯ, 13 ಅಂಕಿಯ ಖಾತೆಗಳಲ್ಲಿ ಒಂದೂ ತಪ್ಪಿಲ್ಲ. ಮನುಷ್ಯರ ಕೈ ತಪ್ಪಿದರೆ ಒಂದು ಕಡೆ 3ರ ಬದಲು 8 ಬೀಳುತ್ತದೆ, ಇನ್ನೊಂದು ಕಡೆ ಎರಡು ಅಂಕಿ ಹಿಂದುಮುಂದಾಗುತ್ತವೆ. ಎಪ್ಪತ್ತೊಂದು ಸಲವೂ ಕೊನೆಯ ಅಂಕಿಯನ್ನೇ ಸೊನ್ನೆ ಮಾಡುವ ಬೆರಳು ಯಾರಿಗಿದೆ?

ಕಾರಣ ಇಷ್ಟೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. 16ನೆಯದು ಸೊನ್ನೆಯಾಗುತ್ತದೆ. 17 ಅಂಕಿ ಇದ್ದರೆ ಕೊನೆಯ ಎರಡೂ ಸೊನ್ನೆ. ಖಾತೆ ನಂಬರನ್ನು ಅಕ್ಷರ ಅಂತ ಇಟ್ಟರೆ ಈ ತೊಂದರೆ ಇಲ್ಲ. ಸಂಖ್ಯೆ ಅಂತ ಇಟ್ಟರೆ ಇದೆ. ಅವಳ ಪಾಲಿಗೆ ಬಂದ ಕಟ್ಟು ಒಂದೇ ಹೋಬಳಿಯದು. ಅಲ್ಲಿನ ಬಹುಪಾಲು ರೈತರ ಖಾತೆ 16 ಅಂಕಿಯ ಬ್ಯಾಂಕಿನಲ್ಲಿತ್ತು. ಅದಕ್ಕೇ ಎಲ್ಲ ಅವಳ ತಲೆಗೆ ಬಂತು.

ಸರ್ವೆ ನಂಬರಿನದೂ ಅದೇ ಕತೆ. 145/2 ಅಂತಿದ್ದದ್ದು 145/2 ಆಗಿಯೇ ಇತ್ತು. 12/3 ಅಂತಿದ್ದದ್ದು `12-Mar` ಆಗಿತ್ತು. 20/4 ಇದ್ದದ್ದು `20-Apr`. ತಾರೀಕಿನ ಹಾಗೆ ಕಾಣುವ ಸರ್ವೆ ನಂಬರುಗಳನ್ನೆಲ್ಲ ಎಕ್ಸೆಲ್ ತಾರೀಕು ಮಾಡಿತ್ತು, ಉಳಿದದ್ದನ್ನು ಮುಟ್ಟಿರಲಿಲ್ಲ. ಪಾಪ, ಅದಕ್ಕೇನು ಗೊತ್ತು ಹಿಸ್ಸಾ ಅಂದರೆ?

ಮರುದಿನ ಬೆಳಿಗ್ಗೆ ನಾವು ಏಳೂ ಜನ ಒಟ್ಟಿಗೆ ಕೋಣೆಗೆ ಹೋದೆವು. ಹೀಗೆ ಒಟ್ಟಿಗೆ ಹೋದದ್ದು ಮುಖ್ಯ. ಒಬ್ಬರೇ ಹೋಗಿದ್ದರೆ "ನಿನ್ನದೇನು ವಕಾಲತ್ತು" ಅನ್ನುತ್ತಿದ್ದರು. ನಾವು ಜಗಳ ಆಡಲಿಲ್ಲ. ಸಾಫ್ಟ್‌ವೇರಿನಿಂದ ಶುಕ್ರವಾರದ ಫೈಲನ್ನು ಮತ್ತೊಮ್ಮೆ ಹೊರತೆಗೆದು `Notepad`ನಲ್ಲಿ ತೆರೆದೆವು. ನೋಟ್‌ಪ್ಯಾಡು ಊಹೆ ಮಾಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಎಪ್ಪತ್ತೊಂದು ಖಾತೆಗಳೂ ಪಾಸ್‌ಬುಕ್ಕಿನ ಜೆರಾಕ್ಸಿನಲ್ಲಿದ್ದ ಹಾಗೆಯೇ ಇದ್ದವು. 12/3 ಕೂಡ 12/3 ಆಗಿಯೇ ಇತ್ತು. ಆಮೇಲೆ ಅದೇ ಫೈಲನ್ನು ಅವರ ಕಣ್ಣೆದುರೇ ಎಕ್ಸೆಲ್‌ನಲ್ಲಿ ತೆರೆದು, ಅವರು ಮಾಡಿದ್ದನ್ನೇ ಮಾಡಿ, ಸೇವ್ ಮಾಡಿ, ಮತ್ತೆ ನೋಟ್‌ಪ್ಯಾಡಿನಲ್ಲಿ ತೋರಿಸಿದೆವು. ಸೊನ್ನೆಗಳು ಸಾಲಾಗಿ ಕೂತಿದ್ದವು.

ಸಾಹೇಬರು ಬಹಳ ಹೊತ್ತು ಪರದೆ ನೋಡಿದರು. "ಇದೇನೋ ಸಾಫ್ಟ್‌ವೇರ್ ಪ್ರಾಬ್ಲಮ್ಮು" ಅಂದರು.

ಅಲ್ಲ ಸಾಹೇಬರೇ. ಮುಗಿದ ಕೆಲಸದ ಒಳಗೆ ಮತ್ತೆ ಕೈ ಹಾಕಿದ್ದರ ಪ್ರಾಬ್ಲಮ್ಮು. ನೋಡುವುದು ಬೇರೆ, ಮುಟ್ಟುವುದು ಬೇರೆ. ಮ್ಯಾನೇಜರ್ ತಪ್ಪು ಕಂಡರೆ ಗುರುತು ಹಾಕಿ ಮಾಡಿದವರಿಗೆ ವಾಪಸ್ ಕೊಡಬೇಕು. ತಾನೇ ತಿದ್ದಿದರೆ ಆ ತಿದ್ದುಪಡಿಯನ್ನು ನೋಡುವವರು ಯಾರೂ ಇರುವುದಿಲ್ಲ. ಎಂಟು ಜನರ ಕೆಲಸವನ್ನು ನೋಡಲು ಒಬ್ಬರಿದ್ದರು, ಆ ಒಬ್ಬರ ಕೆಲಸವನ್ನು ನೋಡಲು ಯಾರೂ ಇರಲಿಲ್ಲ. ಹೆಚ್ಚು ಬಸ್ಸು ತಪ್ಪಿಸಿಕೊಂಡ ಹುಡುಗಿಯ ಮೇಲೆ ಹೆಚ್ಚು ತಪ್ಪು ಬಿತ್ತು.

ಅವಳು ಗುರುವಾರ ಕೆಲಸಕ್ಕೆ ಬಂದಳು. ಆದರೆ ವಿಷಯ ಅಲ್ಲಿಗೆ ಬಿಟ್ಟರೆ ಮುಂದಿನ ಶುಕ್ರವಾರ ಮತ್ತೆ ಇದೇ ಆಗುತ್ತದೆ ಅಂತ ನಮಗೆ ಗೊತ್ತಿತ್ತು. ಇಂಥ ಹೊತ್ತಿನಲ್ಲಿ ಗೆದ್ದೆವು ಅಂತ ಬೀಗಿದರೆ ಕೆಲಸ ಕೆಡುತ್ತದೆ. ಸಾಹೇಬರ ಮುಖ ಉಳಿಯಬೇಕು, ನಮ್ಮ ಬಸ್ಸೂ ಸಿಗಬೇಕು. ಹೇಗೆ?

ಎರಡು ವಾರ ನಾವು ಒಂದು ನೋಟ್‌ಬುಕ್ಕು ಇಟ್ಟೆವು. ಸಾಹೇಬರು ವಾಪಸ್ ಕಳಿಸಿದ ಪ್ರತಿ ಅರ್ಜಿಗೂ ಒಂದು ಸಾಲು. ತಾರೀಕು, ಏನು ಬದಲಾಯಿಸಿ ಅಂದರು, ಯಾಕೆ. ಕೊನೆಗೆ ಮೂರು ಗುಂಪು ಮಾಡಿದೆವು. ಕಾಗದದಲ್ಲಿ ಇರುವುದಕ್ಕೂ ನಾವು ಟೈಪ್ ಮಾಡಿದ್ದಕ್ಕೂ ವ್ಯತ್ಯಾಸ ಇದ್ದರೆ ಅದು ನಿಜವಾದ ತಪ್ಪು. ಅವರಿಗೆ ಇನ್ನೊಂದು ಥರ ಇಷ್ಟ ಅನ್ನುವುದಾದರೆ ಅದು ರುಚಿ. ಹೋದ ವಾರ ಅವರೇ ಬದಲಾಯಿಸಿ ಅಂದದ್ದನ್ನು ಈ ವಾರ ಮೊದಲಿನ ಹಾಗೇ ಮಾಡಿ ಅಂದರೆ ಅದು ಮೂರನೆಯದು. ಅದಕ್ಕೆ ನಾವು ಇಟ್ಟ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ಎರಡು ವಾರದಲ್ಲಿ 163 ಅರ್ಜಿ ವಾಪಸ್ ಬಂದಿದ್ದವು. ನಿಜವಾದ ತಪ್ಪು 19. ರುಚಿ 97. ಮೊದಲಿನ ಹಾಗೇ ಮಾಡಿ ಅಂದದ್ದು 47. ಒಂದು ಊರಿನ ಹೆಸರನ್ನು `Hosahalli` ಅಂತ ಬರೆದಿದ್ದೆವು. ಮೊದಲ ವಾರ `Hosahally` ಮಾಡಿಸಿದರು. ಎರಡನೇ ವಾರ ಮತ್ತೆ `Hosahalli`. ಇದರಲ್ಲಿ ಯಾವುದು ಸರಿ ಅಂತ ಒಂದು ಕಡೆ ಬರೆದಿಟ್ಟಿದ್ದರೆ 144 ಸಲ ಯಾರೂ ಯಾರನ್ನೂ ಬೈಯಬೇಕಾಗಿರಲಿಲ್ಲ.

ಈ ನೋಟ್‌ಬುಕ್ಕಿನ ಗುಣ ಏನೆಂದರೆ ಅದರಲ್ಲಿ ನಮ್ಮ 19 ತಪ್ಪೂ ಇತ್ತು. ಅದನ್ನು ಬಿಟ್ಟು ಬರೆದಿದ್ದರೆ ಅದು ದೂರಿನ ಪಟ್ಟಿ ಆಗುತ್ತಿತ್ತು. ಸೇರಿಸಿ ಬರೆದದ್ದರಿಂದ ಲೆಕ್ಕ ಆಯಿತು. ನೀವೂ ಇಂಥದ್ದು ಇಡುವುದಾದರೆ ಸಿಟ್ಟಿನ ಮಾತು ಒಂದೂ ಬರೆಯಬೇಡಿ. ಆ ಪುಟ ಒಂದು ದಿನ ಮ್ಯಾನೇಜರಿನ ಕೈಗೆ ಹೋಗುತ್ತದೆ ಅಂದುಕೊಂಡೇ ಬರೆಯಿರಿ.

ಮುಂದಿನ ಉಪಾಯ ಬಂದದ್ದು ಗಾರ್ಮೆಂಟ್ಸಿನಿಂದ. ನಮ್ಮ ಜೊತೆ ಕೆಲಸ ಮಾಡುವವಳ ಅಕ್ಕ ಅಲ್ಲಿ ಚೆಕ್ಕರ್. ಅವರು ಹೇಳಿದ ಮಾತು ಕೇಳಿ. "ಲೈನಲ್ಲಿ ಹೊಲ್ದ ಪೀಸ್‌ನೆಲ್ಲ ನಾವ್ ಅಲ್ಲೇ ಒಂದೊಂದೂ ನೋಡ್ತೀವಿ ಕಣೇ. ಪ್ಯಾಕ್ ಆದ್ಮೇಲೆ ಬೈಯರ್ ಕಡೆಯೋರು ಬಂದ್ರೆ ಎಲ್ಲ ಬಾಕ್ಸ್ ಬಿಚ್ಚಲ್ಲ. ಅಲ್ಲೊಂದ್ ಇಲ್ಲೊಂದ್ ತೆಗ್ದು ಒಂದೈವತ್ ನೋಡ್ತಾರೆ. ಅದ್ರಲ್ ಜಾಸ್ತಿ ಡಿಫೆಕ್ಟ್ ಬಂದ್ರೆ ಇಡೀ ಲಾಟ್ ವಾಪಸ್."

ಇದಕ್ಕೆ ಅವರದೇನೂ ಸ್ವಂತ ಲೆಕ್ಕ ಅಲ್ಲ. ಪ್ರಪಂಚದ ಕಾರ್ಖಾನೆಗಳೆಲ್ಲ ಬಳಸುವ ಪಟ್ಟಿ ಇದೆ. ನಮ್ಮ ದೇಶದಲ್ಲೂ ಐಎಸ್ 2500 ಅನ್ನುವ ಮಾನಕ ಇದೆ. ಅದರ ಸಾಮಾನ್ಯ ಮಟ್ಟದ ಪರೀಕ್ಷೆಯಲ್ಲಿ 281ರಿಂದ 500ರವರೆಗಿನ ಲಾಟಿಗೆ 50 ತೆಗೆದು ನೋಡಿದರೆ ಸಾಕು. ಬಟ್ಟೆಗೆ ಸಾಮಾನ್ಯವಾಗಿ ಹಿಡಿಯುವ 2.5ರ ಅಳತೆಯಲ್ಲಿ, ಆ 50ರಲ್ಲಿ ಮೂರರವರೆಗೆ ತಪ್ಪಿದ್ದರೆ ಲಾಟು ಪಾಸು, ನಾಲ್ಕಾದರೆ ಫೇಲು. ವಿದೇಶಕ್ಕೆ ಹೋಗುವ ಅಂಗಿಗೆ 50 ಸಾಕಾದರೆ ನಮ್ಮ 480 ಅರ್ಜಿಗೆ ಯಾಕೆ ಸಾಲದು?

50 ಅರ್ಜಿಗೆ ಎರಡೆರಡು ನಿಮಿಷ ಅಂದರೆ 100 ನಿಮಿಷ. ಹದಿನಾರು ಗಂಟೆಯ ಜಾಗದಲ್ಲಿ ಒಂದೂಮುಕ್ಕಾಲು ಗಂಟೆಗಿಂತ ಕಡಿಮೆ. ಅದೂ ಕಣ್ಣು ಸೋಲುವ ಮೊದಲೇ.

ಆದರೆ ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಐವತ್ತರಲ್ಲಿ ತಪ್ಪು ಸಿಗಲಿಲ್ಲ ಅಂದರೆ ಉಳಿದ 430ರಲ್ಲೂ ಇಲ್ಲ ಅಂತ ಅರ್ಥ ಅಲ್ಲ. ನೂರಕ್ಕೆ ಎರಡು ಮೂರು ಇದ್ದರೂ ಈ ಪರೀಕ್ಷೆ ಪಾಸು ಮಾಡಬಹುದು. ಊರಿನ ಹೆಸರಿನ ಸ್ಪೆಲ್ಲಿಂಗಿಗೆ ಅದು ನಡೆಯುತ್ತದೆ. ಖಾತೆ ನಂಬರಿಗೆ ನಡೆಯುವುದಿಲ್ಲ. ಒಂದು ಅಂಕಿ ತಪ್ಪಿದರೆ ರೈತನ ದುಡ್ಡು ನಿಂತುಹೋಗುತ್ತದೆ ಅಥವಾ ಇನ್ನೊಬ್ಬರ ಪಾಲಾಗುತ್ತದೆ. ಅಲ್ಲಿ ಮ್ಯಾನೇಜರಿನ ಭಯ ನ್ಯಾಯವಾದದ್ದೇ. ನಾವೂ ಅದನ್ನು ಒಪ್ಪಿದೆವು.

ಅದಕ್ಕೆ ಕಂಪ್ಯೂಟರಿಗಿಂತ ಹಳೆಯ ಒಂದು ವಿಧಾನ ಇದೆ. ಕಾರ್ಡಿನಲ್ಲಿ ತೂತು ಹೊಡೆದು ಲೆಕ್ಕ ಇಡುತ್ತಿದ್ದ ಕಾಲದಲ್ಲಿ, ಒಬ್ಬರು ಹೊಡೆದ ಕಾರ್ಡನ್ನು ಇನ್ನೊಬ್ಬರು ಕಣ್ಣಲ್ಲಿ ನೋಡುತ್ತಿರಲಿಲ್ಲ. ಮೂಲ ಕಾಗದ ನೋಡಿಕೊಂಡು ಅದನ್ನೇ ಇನ್ನೊಂದು ಯಂತ್ರದಲ್ಲಿ ಎರಡನೇ ಸಲ ಒತ್ತುತ್ತಿದ್ದರು. ಎರಡೂ ಹೊಂದದಿದ್ದರೆ ಯಂತ್ರ ನಿಂತು ತಪ್ಪು ತೋರಿಸುತ್ತಿತ್ತು. ಓದುವ ಕಣ್ಣು ತಾನು ಕಾಣಬೇಕು ಅಂದುಕೊಂಡದ್ದನ್ನೇ ಕಾಣುತ್ತದೆ. ಬೇರೆಯವರು ಮತ್ತೊಮ್ಮೆ ಟೈಪ್ ಮಾಡಿದರೆ ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಬಹಳ ಅಪರೂಪ.

ನಾವು ಹಾಗೇ ಮಾಡಿದೆವು. ಖಾತೆ ನಂಬರನ್ನು ಮಾತ್ರ ಪಕ್ಕದ ಕುರ್ಚಿಯವರು ಕಾಗದ ನೋಡಿ ಎರಡನೇ ಸಲ ಟೈಪ್ ಮಾಡುವುದು. ಎರಡೂ ಕಾಲಮ್ಮನ್ನು ಮೊದಲೇ `Text` ಮಾದರಿಗೆ ಇಟ್ಟು, ಮೂರನೇ ಕಾಲಮ್ಮಿನಲ್ಲಿ ಈ ಸೂತ್ರ:

```
=EXACT(A2,B2)
```

`FALSE` ಬಂದ ಸಾಲನ್ನು ಮಾತ್ರ ತೆಗೆದು ನೋಡಿದರೆ ಆಯಿತು. ದಿನಕ್ಕೆ ಒಬ್ಬೊಬ್ಬರಿಗೆ ಸುಮಾರು ಇಪ್ಪತ್ತು ನಿಮಿಷ ಹೆಚ್ಚಿಗೆ ಹಿಡಿಯಿತು. ಒಂದೂವರೆ ಗಂಟೆ ಸುಮ್ಮನೆ ಕೂರುವುದಕ್ಕಿಂತ ವಾಸಿ.

ಇಂಥ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯಲೇಬೇಕಾದವರು ಎರಡು ಸಲ ಒತ್ತಿ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು `Data` ಒಳಗೆ `From Text/CSV` ಆರಿಸಿ. ಬರುವ ಕಿಟಕಿಯಲ್ಲಿ `Data Type Detection` ಅನ್ನುವ ಕಡೆ `Do not detect data types` ಇಡಿ. ಆಗ 12/3 ಅನ್ನುವುದು 12/3 ಆಗಿಯೇ ಉಳಿಯುತ್ತದೆ.

ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಸಾಹೇಬರ ಮುಂದೆ ಇಟ್ಟೆವು. ಮೇಲ್ಗಡೆ ಊರಿನ ಹೆಸರುಗಳ ಪಟ್ಟಿ, ಯಾವ ಸ್ಪೆಲ್ಲಿಂಗು ಅಂತ ಅವರೇ ಒಂದು ಸಲ ಗುರುತು ಹಾಕಿ ಸಹಿ ಮಾಡುವುದು. ಅದರ ಕೆಳಗೆ 50ರ ನಿಯಮ. ಯಾವ ಐವತ್ತು ಅಂತ ಆರಿಸುವುದು ಅವರೇ, ನಾವಲ್ಲ. ನಾಲ್ಕು ತಪ್ಪು ಸಿಕ್ಕಿದ ದಿನ ನಾವೇ ಕೂತು ಪೂರ್ತಿ 480 ನೋಡುತ್ತೇವೆ, ಬಸ್ಸು ತಪ್ಪಿದರೂ ಸರಿ. ಸಿಗದ ದಿನ ಐದೂವರೆಗೆ ಬಿಡಬೇಕು. ಫೈಲಿನಲ್ಲಿ ಅವರು ಕೈ ಹಾಕಬಾರದು, ಗುರುತು ಹಾಕಿ ವಾಪಸ್ ಕೊಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಎಷ್ಟಾಯಿತು ಅಂತ ನಾವೇ ಹೇಳುತ್ತೇವೆ, ಅವರು ಅರ್ಧ ಗಂಟೆಗೊಮ್ಮೆ ಬೆನ್ನ ಹಿಂದೆ ಬಂದು ನಿಲ್ಲುವುದು ಬೇಡ. ಒಂದು ವಾರದ ಮಟ್ಟಿಗೆ ಮಾತ್ರ, ಆಗದಿದ್ದರೆ ಹಳೆಯ ಹಾಗೇ.

"ಒಂದು ವಾರ" ಅನ್ನುವ ಮಾತೇ ಅವರನ್ನು ಒಪ್ಪಿಸಿತು ಅಂತ ನಮಗೆ ಅನ್ನಿಸುತ್ತದೆ. ಶಾಶ್ವತವಾಗಿ ಬಿಟ್ಟುಕೊಡಿ ಅಂದಿದ್ದರೆ ಹಾಳೆ ಹರಿದು ಹಾಕುತ್ತಿದ್ದರು.

ಆರು ದಿನ ಐವತ್ತರಲ್ಲಿ ಸಿಕ್ಕ ತಪ್ಪು ಹೀಗಿತ್ತು: 2, 1, 5, 3, 0, 2. ಮೂರನೇ ದಿನ ಐದು ಸಿಕ್ಕಿತು. ಮಾತಿನಂತೆ ಕೂತೆವು. ಎಂಟು ಗಂಟೆಯಾಯಿತು, ಇಬ್ಬರ ಬಸ್ಸು ತಪ್ಪಿತು. ಅವತ್ತು ನಮಗೆ ಸಿಟ್ಟು ಬಂದದ್ದು ಮ್ಯಾನೇಜರ್ ಮೇಲಲ್ಲ, ನಮ್ಮ ಮೇಲೆ. ಮರುದಿನದಿಂದ ಎಲ್ಲರೂ ಅರ್ಜಿ ಮುಗಿದ ಮೇಲೆ ಮತ್ತೆ ಒಮ್ಮೆ ಮೇಲಿನಿಂದ ಕೆಳಗೆ ಓದತೊಡಗಿದರು. ಮೂರನೇ ತಿಂಗಳಲ್ಲಿ ಬಿಟ್ಟುಹೋಗಿದ್ದ ಅಭ್ಯಾಸ ಹೀಗೆ ವಾಪಸ್ ಬಂತು. ಹದಿನಾರು ಗಂಟೆ ಚೆಕ್ಕಿಂಗ್ ಮಾಡಿದರೂ ಬರದೇ ಇದ್ದದ್ದು.

ಎಲ್ಲ ಕಡೆ ಹೀಗೆ ಆಗುತ್ತದೆ ಅಂತ ನಾವು ಹೇಳುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ಕಂಡದ್ದು, ಬೇರೆ ಕಡೆ ಇರುವ ಗೆಳೆಯರಿಂದ ಕೇಳಿದ್ದು ಸೇರಿಸಿ ನೋಡಿದರೆ ಇಂಥ ಮ್ಯಾನೇಜರುಗಳಲ್ಲಿ ಎರಡು ಜಾತಿ. ಒಬ್ಬರು ಹೆದರಿದವರು. ನಮ್ಮ ಸಾಹೇಬರಿಗೆ ಕಂಪನಿ ದುಡ್ಡು ಕಡಿತ ಮಾಡಿದರೆ ಅದು ಅವರ ಕಮಿಷನ್ನಿನಿಂದಲೂ ಹೋಗುತ್ತಿತ್ತು ಅಂತ ನಮಗೆ ಆಮೇಲೆ ಗೊತ್ತಾಯಿತು. ಇಂಥವರಿಗೆ ಅಂಕಿ ತೋರಿಸಿದರೆ, ಕೇಳುವ ಮೊದಲೇ ಸುದ್ದಿ ಕೊಟ್ಟರೆ, ಭಯ ಇಳಿದ ಹಾಗೆ ಹಿಡಿತ ಸಡಿಲವಾಗುತ್ತದೆ.

ಇನ್ನೊಬ್ಬರಿಗೆ ತಪ್ಪಿನ ಚಿಂತೆಯೇ ಇಲ್ಲ. ನಾವು ಕೈಕೆಳಗಿನವರು ಅನ್ನುವುದು ದಿನಾ ನಮಗೆ ನೆನಪಾಗುತ್ತಿರಬೇಕು, ಅಷ್ಟೇ. ಗುರುತಿಸುವುದು ಕಷ್ಟವಲ್ಲ. ಅರ್ಜಿಯಲ್ಲಿ ತಪ್ಪು ಸಿಗದಿದ್ದರೆ ಅಕ್ಷರದ ಗಾತ್ರದಲ್ಲಿ ಹುಡುಕುತ್ತಾರೆ. ಅಲ್ಲೂ ಸಿಗದಿದ್ದರೆ ಊಟಕ್ಕೆ ಎದ್ದ ಹೊತ್ತಿನಲ್ಲಿ. ಒಂದು ನಿಯಮ ಬರೆದು ಸಹಿ ಮಾಡಿ ಅಂದರೆ ಮಾಡುವುದಿಲ್ಲ. ಬರೆದಿಟ್ಟರೆ ನಾಳೆ ಬದಲಾಯಿಸಲು ಆಗುವುದಿಲ್ಲವಲ್ಲ! ಇಂಥವರ ಕೈಕೆಳಗೆ ನೋಟ್‌ಬುಕ್ಕು ಇಡಿ, ಆದರೆ ಅವರಿಗೆ ತೋರಿಸಲು ಅಲ್ಲ. ಒಂದು ದಿನ ನಿಮ್ಮ ಮೇಲೆ ಸುಳ್ಳು ತಪ್ಪು ಬಂದಾಗ ಅವರ ಮೇಲಿನವರಿಗೆ ತೋರಿಸಲು. ಜೊತೆಗೆ ಬೇರೆ ಕೆಲಸ ಹುಡುಕುತ್ತಿರಿ. ಅವರನ್ನು ತಿದ್ದುವುದು ನಿಮ್ಮ ಸಂಬಳದಲ್ಲಿ ಸೇರಿಲ್ಲ.

ನಮ್ಮ ಸಾಹೇಬರು ಎರಡರ ನಡುವೆ ಎಲ್ಲೋ ಇದ್ದರು. ಐವತ್ತರ ನಿಯಮ ನಾವು ಬಿಡುವವರೆಗೂ ನಡೆಯಿತು. ಬೆನ್ನ ಹಿಂದೆ ನಿಲ್ಲುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಏಳೂಕಾಲಿನ ಬಸ್ಸಿನ ಬದಲು ಹುಡುಗಿಯರಿಗೆ ಆರೂ ಹತ್ತರ ಬಸ್ಸು ಸಿಗತೊಡಗಿತು.

ತಡೆಹಿಡಿದಿದ್ದ ಮೂರು ದಿನದ ಸಂಬಳ ಮುಂದಿನ ತಿಂಗಳು ಅವಳ ಖಾತೆಗೆ ಬಂತು. ಯಾಕೆ ತಡೆದದ್ದು, ಯಾಕೆ ಕೊಟ್ಟದ್ದು ಅಂತ ಒಂದು ಮಾತೂ ಇಲ್ಲ. ಗುಂಪಿನಲ್ಲಿ ಅವಳ ಹೆಸರು ಹಾಕಿ ಬರೆದ ಮೆಸೇಜು ಇವತ್ತಿಗೂ ಹಾಗೇ ಇದೆ.